ಮೀನೂ ಬೇಡ ಎಂದು ಬಿಡಿಸಿ ಬರೆಯಿರಿ

ಧಾರವಾಡದ ಹುಡುಗನೊಬ್ಬ ಒಂದು ಶಾಲಾ ವರ್ಷದ ಮಟ್ಟಿಗೆ ಫ್ರಾನ್ಸಿನ ರೆನ್ ನಗರಕ್ಕೆ ಹೊರಟಿದ್ದಾನೆ ಎಂದುಕೊಳ್ಳೋಣ. ವಯಸ್ಸು ಹದಿನಾರು. ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದಾನೆ, ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮವೊಂದರಲ್ಲಿ ಆಯ್ಕೆಯಾಗಿದ್ದಾನೆ. ಅವನನ್ನು ಇರಿಸಿಕೊಳ್ಳಲು ಒಪ್ಪಿದ ಕುಟುಂಬದ ವಿಳಾಸವೂ ಬಂದಿದೆ. ಹೊರಡುವ ಮುಂಚೆ ಆ ಕುಟುಂಬಕ್ಕೆ ಫ್ರೆಂಚಿನಲ್ಲೇ ಒಂದು ಇ-ಮೇಲ್ ಬರೆದು ತನ್ನ ಪರಿಚಯ ಹೇಳಿಕೊಳ್ಳಬೇಕು. ಫ್ರೆಂಚ್ ಪಠ್ಯಪುಸ್ತಕಗಳಲ್ಲಿ ಇಂಥ ಪತ್ರದ ಅಭ್ಯಾಸ ಇದ್ದೇ ಇರುತ್ತದೆ. ಹೆಸರು, ವಯಸ್ಸು, ಊರು, ಅಪ್ಪ ಅವ್ವ ಏನು ಮಾಡುತ್ತಾರೆ, ಹವ್ಯಾಸಗಳೇನು ಎಂಬುದೆಲ್ಲ ಸಲೀಸಾಗಿ ಬರುತ್ತದೆ. ಪೆನ್ನು ನಿಲ್ಲುವುದು ಊಟದ ವಿಷಯಕ್ಕೆ ಬಂದಾಗ.

ನಿಲ್ಲಬೇಕಾದದ್ದೂ ಅಲ್ಲಿಯೇ. ರೋಟರಿಯಂಥ, ಎಎಫ್‌ಎಸ್‌ನಂಥ ವಿನಿಮಯ ಕಾರ್ಯಕ್ರಮಗಳಲ್ಲಿ ಮನೆ ಕೊಡುವವರು ಬಾಡಿಗೆಗೆ ಕೊಡುವವರಲ್ಲ. ಅವರು ಸ್ವಇಚ್ಛೆಯಿಂದ ಮುಂದೆ ಬಂದವರು, ಹುಡುಗನ ಊಟಕ್ಕೆಂದು ಯಾರಿಂದಲೂ ಹಣ ಪಡೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಸಂಜೆ ಏಳೂವರೆ ಎಂಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂತು ಉಣ್ಣುವ ಪದ್ಧತಿ. ಫ್ರೆಂಚರು ಈ ಕೂಡಿ ಉಣ್ಣುವುದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದರೆ, ಅವರ ಹಬ್ಬದೂಟದ ಪದ್ಧತಿ 2010ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು. ಅಂಥ ಮೇಜಿನಲ್ಲಿ ವರ್ಷವಿಡೀ ಒಬ್ಬನಿಗೆ ಬೇರೆ ತಟ್ಟೆ ಇಡುವುದೆಂದರೆ ವಾರದ ಸಂತೆಯಿಂದ ಹಿಡಿದು ಎಲ್ಲವೂ ಬದಲಾಗಬೇಕು. ಆದ್ದರಿಂದ ಅವರಿಗೆ ಮುಂಚಿತವಾಗಿ, ಸ್ಪಷ್ಟವಾಗಿ ತಿಳಿದಿರಬೇಕು. ‘ಹೇಗೋ ಹೊಂದಿಕೊಳ್ಳುತ್ತೇನೆ, ಏನು ಕೊಟ್ಟರೂ ತಿನ್ನುತ್ತೇನೆ’ ಎಂದು ಬರೆಯುವುದು ನಮ್ಮಲ್ಲಿ ಸಂಕೋಚದ ಮಾತು. ಅಲ್ಲಿ ಅದನ್ನು ನಿಜವೆಂದೇ ನಂಬಿ ಫ್ರೀಜರ್ ತುಂಬಿಸುತ್ತಾರೆ.

ಮೊದಲು ಪತ್ರದ ಶುರುವಾತು ನೋಡಿಬಿಡೋಣ, ಅದು ಅಷ್ಟೇನೂ ಕಷ್ಟದ್ದಲ್ಲ. ಹೋಗಿ ಇರುವ ಮನೆಗೆ ಫ್ರೆಂಚಿನಲ್ಲಿ ‘ಫಾಮಿಯ್ ದಾಕೆಯ್’ ಎನ್ನುತ್ತಾರೆ. ಪತ್ರದ ಮೇಲೆ ‘ಶೇರ್ ಫಾಮಿಯ್’, ಅಂದರೆ ಪ್ರಿಯ ಕುಟುಂಬವೇ, ಎಂದು ಹಾಕಿ ಒಂದು ಅಲ್ಪವಿರಾಮ ಇಟ್ಟರೆ ಸಾಕು. ನೀನು, ನೀವು ಎಂಬ ಭೇದ ಅವರಲ್ಲೂ ಇದೆ. ‘ತ್ಯು’ ಏಕವಚನ, ‘ವೂ’ ಬಹುವಚನ ಮತ್ತು ಗೌರವ. ಇಡೀ ಕುಟುಂಬಕ್ಕೆ ಬರೆಯುವಾಗ ‘ವೂ’ ಹೇಗೂ ಬರಲೇಬೇಕು, ಹಾಗಾಗಿ ಮೊದಲ ಪತ್ರದಲ್ಲಿ ಮರ್ಯಾದೆಯ ಲೆಕ್ಕ ವ್ಯಾಕರಣವೇ ಬಗೆಹರಿಸುತ್ತದೆ. ಮುಂದೆ ಆ ಮನೆಯಾಕೆಯೇ ‘ನಮ್ಮನ್ನು ತ್ಯು ಅನ್ನು’ ಎಂದು ಹೇಳಬಹುದು. ಹೇಳುವವರೆಗೆ ಕಾಯುವುದು ಮೇಲು. ಆ ಮನೆಯ ಮಕ್ಕಳಿಗಾದರೆ ಮೊದಲ ದಿನದಿಂದಲೇ ‘ತ್ಯು’.

ನಮ್ಮವರಿಗೆ ಹೆಸರಿನ ತೊಡಕೊಂದಿದೆ. ಎರಡು ಇನಿಷಿಯಲ್, ಆಮೇಲೆ ಹೆಸರು, ಕೆಲವೊಮ್ಮೆ ಹೆಸರಿನ ಹಿಂದೆ ಅಡ್ಡಹೆಸರು ಎಂದು ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಹಾಗೆಯೇ ಬರೆದರೆ ಅವರಿಗೆ ಯಾವುದನ್ನು ಕರೆಯಬೇಕೆಂದು ತಿಳಿಯುವುದಿಲ್ಲ. ಫ್ರೆಂಚರು ಮನೆತನದ ಹೆಸರನ್ನು ಎಷ್ಟೋ ಸಲ ದೊಡ್ಡಕ್ಷರದಲ್ಲಿ ಬರೆದು ಅದು ಮನೆತನದ್ದೆಂದು ತೋರಿಸುತ್ತಾರೆ. ಇನಿಷಿಯಲ್ ಬಿಟ್ಟು, ‘ನನ್ನನ್ನು ಮನೆಯಲ್ಲಿ ಹೀಗೆ ಕರೆಯುತ್ತಾರೆ’ ಎಂದು ಒಂದು ವಾಕ್ಯ ಬರೆದುಬಿಡುವುದು ಸುಲಭ.

ಇನ್ನೊಂದು ಕಡೆ ಇಂಗ್ಲಿಷ್ ಕಲಿತವರು ಜಾರಿ ಬೀಳುತ್ತಾರೆ. ನಿಮ್ಮನ್ನು ನೋಡಲು ತುಂಬ ಕಾತರನಾಗಿದ್ದೇನೆ ಎನ್ನಲು ಇಂಗ್ಲಿಷಿನ ಎಕ್ಸೈಟೆಡ್ ಅನ್ನು ಫ್ರೆಂಚಿಗೆ ಎಳೆದು ತಂದರೆ ಅದಕ್ಕೆ ಕಾಮದ ಛಾಯೆ ಬರುತ್ತದೆ. ಫ್ರೆಂಚರು ಅಲ್ಲಿ ‘ಝೇ ಆತ್’ ಎನ್ನುತ್ತಾರೆ, ಯಾವಾಗ ನೋಡೇನೋ ಎಂಬ ತವಕ. ಅವ್ವ ಕಟ್ಟಿಕೊಡುವ ಉಪ್ಪಿನಕಾಯಿಯಲ್ಲಿ ಪ್ರಿಸರ್ವೇಟಿವ್ ಇಲ್ಲ ಎಂದು ಹೇಳಹೊರಟು ಆ ಪದಕ್ಕೇ ಫ್ರೆಂಚ್ ವೇಷ ಹಾಕಿದವರು ಅದರಲ್ಲಿ ಕಾಂಡೋಮ್ ಇಲ್ಲ ಎಂದು ಬರೆದಂತಾಗುತ್ತದೆ. ಮನೆಯವರು ನಕ್ಕು ಸುಮ್ಮನಾಗುತ್ತಾರೆ, ಆದರೆ ವರ್ಷವಿಡೀ ನಗುತ್ತಲೇ ಇರುತ್ತಾರೆ.

ಇನ್ನು ಊಟ. ಹುಡುಗ ಮೊದಲ ಕರಡಿನಲ್ಲಿ ಬರೆದದ್ದು ಒಂದೇ ವಾಕ್ಯ: ನಾನು ಸಸ್ಯಾಹಾರಿ. ಫ್ರೆಂಚಿನಲ್ಲಿ ‘ವೇಝೇತಾರ್ಯಾಂ’. ವಾಕ್ಯದಲ್ಲಿ ವ್ಯಾಕರಣದ ತಪ್ಪೇನಿಲ್ಲ. ಆದರೆ ಆ ಮಾತು ಧಾರವಾಡದ ಮನೆಯಲ್ಲಿ ಹೇಳುವ ಸಂಗತಿಯೇ ಬೇರೆ, ರೆನ್‌ನ ಮನೆಯಲ್ಲಿ ಹೇಳುವ ಸಂಗತಿಯೇ ಬೇರೆ. ಫ್ರಾನ್ಸಿನಲ್ಲಿ ಸಸ್ಯಾಹಾರಿ ಎಂದರೆ ಮೊಟ್ಟೆ ಮತ್ತು ಹಾಲು ತಿನ್ನುವವನು. ಸಸ್ಯಾಹಾರಿ ಅತಿಥಿ ಬರುತ್ತಾನೆಂದರೆ ಆ ಮನೆಯಾಕೆಗೆ ಮೊದಲು ಹೊಳೆಯುವುದೇ ಆಮ್ಲೆಟ್. ನಮ್ಮ ದೇಶದಲ್ಲಿ ಕಾನೂನೇ ಮೊಟ್ಟೆಯನ್ನು ಮಾಂಸಾಹಾರದ ಕಡೆ ಹಾಕಿದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಒಳಗೆ ಮೊಟ್ಟೆಯಿಲ್ಲ ಎಂದು ಅರ್ಥ. ಆ ಚುಕ್ಕೆ ನೋಡಿಯೇ ಬೆಳೆದ ಮಗು ಪೊಟ್ಟಣದ ಹಿಂದಿನ ಸಣ್ಣಕ್ಷರ ಓದುವ ಅಭ್ಯಾಸ ಮಾಡಿಕೊಂಡಿರುವುದಿಲ್ಲ. ಫ್ರಾನ್ಸಿನಲ್ಲಿ ಅಂಥ ಕಡ್ಡಾಯದ ಚುಕ್ಕೆಯೇ ಇಲ್ಲ.

ಹಾಗಾದರೆ ‘ನಾನು ಮಾಂಸ ತಿನ್ನುವುದಿಲ್ಲ’ ಎಂದು ಬರೆದರಾಯಿತಲ್ಲ ಎನ್ನಬಹುದು. ಅದು ಇನ್ನೂ ಅಪಾಯ. ಅವರ ‘ವಿಯಾಂದ್’ ಎಂಬ ಮಾತು ಕೇಳಿದಾಗ ಎಷ್ಟೋ ಜನರ ಮನಸ್ಸಿಗೆ ಬರುವುದು ದನ, ಕುರಿ, ಹಂದಿಯ ತುಂಡು. ಕೋಳಿ, ಬಾತುಗಳಿಗೆ ‘ವೊಲಾಯ್’ ಎಂಬ ಬೇರೆ ಗುಂಪಿದೆ. ಮೀನು ಮಾಂಸವೆಂಬ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ರೂಢಿ ಶತಮಾನಗಳಿಂದ ಬಂದದ್ದು, ಆ ವಿಂಗಡಣೆ ನಾಲಗೆಯಲ್ಲಿ ಉಳಿದಿದೆ. ರೆನ್ ಇರುವುದು ಮೂರು ಕಡೆ ಸಮುದ್ರವಿರುವ ಬ್ರಿಟನಿ ಪ್ರಾಂತದಲ್ಲಿ. ಅಲ್ಲಿ ‘ಮಾಂಸ ಬೇಡ’ ಎಂದವನ ತಟ್ಟೆಗೆ ಮೀನು ಬರುವುದು ಪ್ರೀತಿಯಿಂದಲೇ.

ಮಾಂಸ ಕಣ್ಣಿಗೆ ಕಾಣದಂತೆ ಇರುವ ಜಾಗಗಳು ಇನ್ನೂ ಇವೆ. ಹಂದಿಮಾಂಸದ ಚಿಕ್ಕ ಚಿಕ್ಕ ಚೂರುಗಳಿಗೆ ‘ಲಾರ್ದೋಂ’ ಎನ್ನುತ್ತಾರೆ. ಅವು ಸೂಪರ್‌ಮಾರ್ಕೆಟಿನಲ್ಲಿ ಪುಟ್ಟ ಡಬ್ಬಿಗಳಲ್ಲಿ ಸಿಗುತ್ತವೆ, ಅಡುಗೆ ಮನೆಯಲ್ಲಿ ಒಗ್ಗರಣೆಯ ಹಾಗೆ ಬಳಕೆಯಾಗುತ್ತವೆ. ಹಸಿ ಬಟಾಣಿ ಪಲ್ಯ, ಮಸೂರದ ಸಾರಿನಂಥ ಅಡುಗೆ, ಸಲಾಡ್, ಕೀಶ್ ಎಂಬ ತೆರೆದ ಪೈ, ಎಲ್ಲಕ್ಕೂ ಅದು ಬೀಳಬಹುದು. ಬಡಿಸುವಾಕೆ ಅದನ್ನು ಮಾಂಸವೆಂದು ಎಣಿಸದೆ ಇರುವುದೂ ಉಂಟು, ರುಚಿಗೆ ಒಂದಿಷ್ಟು ಹಾಕಿದ್ದು ಅಷ್ಟೇ. ತರಕಾರಿ ಸೂಪಿಗೆ ಕರಗಿಸುವ ಬಿಲ್ಲೆ ಕೋಳಿಯ ಸಾರದ್ದಿರಬಹುದು. ಮೌಸ್‌ನಂಥ ಕೆಲವು ಸಿಹಿಗಳಲ್ಲಿ, ಜಗಿಯುವ ಮಿಠಾಯಿಗಳಲ್ಲಿ ಜಿಲೆಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಫ್ರಾನ್ಸಿನಲ್ಲಿ ಹೆಚ್ಚಾಗಿ ಹಂದಿಯದು.

ಚೀಸ್ ವಿಷಯ ಸೂಕ್ಷ್ಮ. ಹಾಲು ಹೆಪ್ಪುಗಟ್ಟಲು ಕಾಮೆಂಬೆರ್, ಕೋಂತೆಯಂಥ ಸಾಂಪ್ರದಾಯಿಕ ಚೀಸುಗಳಿಗೆ ಬಳಸುವ ರೆನೆಟ್ ಬರುವುದು ಎಳೆಗರುವಿನ ಹೊಟ್ಟೆಯಿಂದ. ಭಾರತದಲ್ಲಿ ಹಸಿರು ಚುಕ್ಕೆ ಹೊತ್ತ ಚೀಸಿಗೆ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಬಳಸುವುದರಿಂದ ನಮಗಿದು ಹೊಳೆಯುವುದೇ ಇಲ್ಲ. ಇದನ್ನು ಪತ್ರದಲ್ಲಿ ಬರೆಯಬೇಕೆ? ನನ್ನನ್ನು ಕೇಳಿದರೆ, ನಿಜವಾಗಿ ಪಾಲಿಸುವ ಉದ್ದೇಶವಿದ್ದರೆ ಮಾತ್ರ ಬರೆಯಬೇಕು. ಊಟದ ಕೊನೆಗೆ ಬ್ರೆಡ್ಡಿನ ಜೊತೆ ಚೀಸ್ ಬರುವ ದೇಶದಲ್ಲಿ ಚೀಸನ್ನೇ ಬಿಡುತ್ತೇನೆ ಎಂದು ಬರೆದು, ಮೂರನೆಯ ವಾರಕ್ಕೆ ಅದನ್ನೇ ಮೆಲ್ಲುತ್ತಾ ಕೂತರೆ ಮನೆಯವರು ಉಳಿದ ನಿಯಮಗಳನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮೊಸರು ಮತ್ತು ಬೆಣ್ಣೆಯ ವಿಷಯದಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಮೊಸರಿನ ಡಬ್ಬಿಯ ಹಿಂದೆ ಜಿಲೆಟಿನ್ ಇದೆಯೇ ಎಂದು ನೋಡಿದರೆ ಮುಗಿಯಿತು.

ಆದ್ದರಿಂದ ಆ ಪ್ಯಾರಾ ಬರೆಯುವ ಮುಂಚೆ ಹುಡುಗ ಮನೆಯಲ್ಲೇ ಒಂದು ಲೆಕ್ಕ ಮುಗಿಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಮಾತಾಡಿರುವುದೇ ಇಲ್ಲ.

“ತತ್ತಿ ತಿನ್ನೂದಿಲ್ಲ ಅಂತ ಬರೀಲೇನವ್ವಾ?”

“ತಿನ್ನೂದಿಲ್ಲ ಅಂತೀ, ಹುಟ್ಟುಹಬ್ಬಕ್ಕ ಕೇಕ್ ತಿಂತೀಯಲ್ಲೋ. ಅದರಾಗ ಇರೂದಿಲ್ಲೇನು?”

ಅವ್ವ ಹೇಳಿದ್ದೇ ಉತ್ತರ. ಕಣ್ಣಿಗೆ ಕಾಣುವ ಮೊಟ್ಟೆ ಬೇಡ, ಹಿಟ್ಟಿನಲ್ಲಿ ಬೆರೆತು ಬೆಂದದ್ದು ನಡೆಯುತ್ತದೆ. ಹೊರಗಿನವರಿಗೆ ಇದು ವಿಚಿತ್ರ ತರ್ಕವೆನಿಸಬಹುದು, ಆದರೆ ಅಡುಗೆ ಮಾಡುವವರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೊಂದಿಲ್ಲ. ಬ್ರಿಟನಿಯಲ್ಲಂತೂ ಅದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಆ ಪ್ರಾಂತದ ಮನೆಮನೆಯ ತಿಂಡಿ ಎರಡು: ಗೋಧಿ ಹಿಟ್ಟಿಗೆ ಹಾಲು, ಮೊಟ್ಟೆ ಕಲಸಿ ಹೊಯ್ಯುವ ಸಿಹಿ ಕ್ರೆಪ್, ಮತ್ತು ಹುರುಳಿಗೋಧಿ ಎಂದು ಕರೆಯಬಹುದಾದ ಬಕ್‌ವೀಟ್ ಹಿಟ್ಟಿನ ಖಾರದ ಗಾಲೆತ್. ಗಾಲೆತ್‌ನ ಹಳೆಯ ರೀತಿಯ ಹಿಟ್ಟಿಗೆ ಬೇಕಾದದ್ದು ಬಕ್‌ವೀಟ್, ನೀರು, ಉಪ್ಪು ಇಷ್ಟೇ. ಅಗಲವಾದ ದುಂಡು ಕಾವಲಿಯ ಮೇಲೆ ನಮ್ಮ ದೋಸೆಯಂತೆ ತೆಳ್ಳಗೆ ಹರಡಿ ಬೇಯಿಸುತ್ತಾರೆ. ಅಂಗಡಿಯಲ್ಲಿ ಸುಮ್ಮನೆ ‘ಕೋಂಪ್ಲೆತ್’ ಎಂದರೆ ಅದರೊಳಗೆ ಹಂದಿ ಹ್ಯಾಮ್, ಮೊಟ್ಟೆ, ಚೀಸ್ ಬರುತ್ತದೆ; ರೆನ್‌ನ ಬೀದಿಯಲ್ಲಿ ಪ್ರಸಿದ್ಧವಾದದ್ದು ಸಾಸೇಜ್ ಸುತ್ತಿಕೊಟ್ಟ ಗಾಲೆತ್. ಅಣಬೆ, ಈರುಳ್ಳಿ, ಟೊಮೆಟೊ ತುಂಬಿಸಿ ಎಂದು ಕೇಳಿದರೆ ಅದೇ ಗಾಲೆತ್ ನಮ್ಮ ಹುಡುಗನ ಊಟವಾಗುತ್ತದೆ. ಕಾವಲಿಗೆ ಏನು ಸವರುತ್ತಾರೆ ಎಂಬುದೊಂದನ್ನು ಕೇಳಿಕೊಳ್ಳಬೇಕು, ಹಳೆಯ ಪದ್ಧತಿಯಲ್ಲಿ ಹಂದಿಕೊಬ್ಬು ಸವರುವುದಿದೆ. ಮನೆಯಲ್ಲಾದರೆ ಬೆಣ್ಣೆ ಸವರಿ ಎನ್ನಬಹುದು. ಉಪ್ಪು ಹಾಕಿದ ಬೆಣ್ಣೆ ಬ್ರಿಟನಿಯ ಹೆಮ್ಮೆ.

ಈಗ ಹುಡುಗ ಬರೆದ ಎರಡನೆಯ ಕರಡು ನೋಡೋಣ. ಅವನ ಫ್ರೆಂಚಿನ ಭಾವವನ್ನು ಕನ್ನಡದಲ್ಲಿ ಹೇಳಿದರೆ ಹೀಗಿದೆ:

‘ಊಟದ ಬಗ್ಗೆ ಒಂದು ಮಾತು ತಿಳಿಸುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ನಾನು ಮಾಂಸ, ಕೋಳಿ, ಹ್ಯಾಮ್, ಲಾರ್ದೋಂ, ಮೀನು, ಸೀಗಡಿ ಯಾವುದನ್ನೂ ತಿನ್ನುವುದಿಲ್ಲ; ಅವುಗಳ ಸಾರ ಹಾಕಿದ ಸೂಪನ್ನೂ ತಿನ್ನುವುದಿಲ್ಲ. ಆಮ್ಲೆಟ್, ಬೇಯಿಸಿದ ಮೊಟ್ಟೆ ತಿನ್ನುವುದಿಲ್ಲ, ಆದರೆ ಕೇಕ್, ಕ್ರೆಪ್‌ಗಳಲ್ಲಿ ಮೊಟ್ಟೆ ಇದ್ದರೆ ಪರವಾಗಿಲ್ಲ. ಹಾಲು, ಮೊಸರು, ಬೆಣ್ಣೆ, ಚೀಸ್ ತಿನ್ನುತ್ತೇನೆ. ಮಸೂರ, ಕಡಲೆ, ಬೀನ್ಸ್, ಆಲೂಗಡ್ಡೆ, ಅನ್ನ, ಪಾಸ್ತಾ, ಎಲ್ಲ ತರಕಾರಿ ನನಗೆ ಇಷ್ಟ. ನನಗೆ ಯಾವ ಅಲರ್ಜಿಯೂ ಇಲ್ಲ. ನನಗಾಗಿ ಬೇರೆ ಅಡುಗೆ ಮಾಡುವ ಅಗತ್ಯವಿಲ್ಲ, ನೀವು ಮಾಡಿದ ತರಕಾರಿ, ಬ್ರೆಡ್, ಚೀಸ್ ನನಗೆ ಸಾಕು. ನಿಮ್ಮಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ? ಊರಿನಿಂದ ಶೇಂಗಾ ಚಟ್ನಿಪುಡಿ ತರಬೇಕೆಂದಿದ್ದೇನೆ. ಒಂದು ಭಾನುವಾರ ನಿಮಗೆಲ್ಲ ನಮ್ಮೂರಿನ ಜೋಳದ ಗಾಲೆತ್ ಮಾಡಿಕೊಡಬಹುದೇ?’

ಫ್ರೆಂಚಿನಲ್ಲಿ ಮೊದಲ ಪಟ್ಟಿ ‘ನಿ ವಿಯಾಂದ್, ನಿ ವೊಲಾಯ್, ನಿ ಪ್ವಾಸೋಂ’ ಎಂದು ಸಾಗುತ್ತದೆ, ಅದೂ ಇಲ್ಲ ಇದೂ ಇಲ್ಲ ಎಂಬ ಧಾಟಿ. ಮೀನಿನ ಪದ ಬರೆಯುವಾಗ ನಡುವೆ ಎರಡು ಎಸ್ ಬೇಕು. ಒಂದು ಎಸ್ ಬಿಟ್ಟರೆ ‘ನಾನು ವಿಷ ತಿನ್ನುವುದಿಲ್ಲ’ ಎಂದಾಗುತ್ತದೆ, ಅದೂ ಸುಳ್ಳೇನಲ್ಲ.

ಈ ಪ್ಯಾರಾದಲ್ಲಿ ಗಮನಿಸಬೇಕಾದದ್ದು ತಿನ್ನುವ ಪದಾರ್ಥಗಳ ಸಾಲು. ಬೇಡದ್ದನ್ನು ಮಾತ್ರ ಹೇಳಿದರೆ ಓದುವವರಿಗೆ ಗಾಬರಿಯಾಗುತ್ತದೆ, ಹುಡುಗ ಏನು ತಿಂದು ಬದುಕುತ್ತಾನೋ ಎಂಬ ಚಿಂತೆ. ಮಸೂರವನ್ನು ಹೆಸರಿಟ್ಟು ಬರೆದದ್ದು ಜಾಣತನ. ಫ್ರಾನ್ಸಿನಲ್ಲಿ ಮಸೂರ ಬಡವರ ಬೇಳೆಯೇನಲ್ಲ, ಪ್ಯುಯಿ ಊರಿನ ಹಸಿರು ಮಸೂರಕ್ಕೆ ಒಳ್ಳೆಯ ಹೆಸರಿದೆ, ಪ್ರತಿ ಮನೆಯಲ್ಲೂ ಸಿಗುತ್ತದೆ. ‘ಜೋಳದ ಗಾಲೆತ್’ ಎಂಬ ಮಾತೂ ಅಷ್ಟೇ ಚೆನ್ನಾಗಿದೆ. ಜೋಳದ ರೊಟ್ಟಿ ಎಂದು ಬರೆದು ಮೂರು ಸಾಲು ವಿವರಣೆ ಕೊಡುವ ಬದಲು ಅವರದ್ದೇ ತಿಂಡಿಯ ಹೆಸರು ಬಳಸಿದ್ದರಿಂದ ಓದುತ್ತಲೇ ತಿಳಿಯುತ್ತದೆ. ಇನ್ನೊಂದು, ‘ತಿನ್ನಲು ಆಗುವುದಿಲ್ಲ’ ಎಂದು ಬರೆಯದೆ ‘ತಿನ್ನುವುದಿಲ್ಲ’ ಎಂದು ಬರೆದದ್ದು. ಆಗುವುದಿಲ್ಲ ಎಂದರೆ ಕಾಯಿಲೆಯೇನೋ, ವೈದ್ಯರು ಬೇಡವೆಂದರೇನೋ ಎಂದು ಊಹಿಸುತ್ತಾರೆ. ಅಲರ್ಜಿಯನ್ನು ಇದೇ ಕಾರಣಕ್ಕೆ ಬೇರೆ ವಾಕ್ಯದಲ್ಲಿ ಇಡಬೇಕು. ಒಂದು ನಂಬಿಕೆಯ ವಿಷಯ, ಇನ್ನೊಂದು ಆಸ್ಪತ್ರೆಯ ವಿಷಯ.

ಮಧ್ಯಾಹ್ನದ ಊಟ ಈ ಪತ್ರದಲ್ಲಿ ಇಲ್ಲದಿರುವುದೂ ಸರಿಯೇ. ಶಾಲೆಯ ದಿನಗಳಲ್ಲಿ ಮಕ್ಕಳು ಹೆಚ್ಚಾಗಿ ಶಾಲೆಯ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ. 2018ರಲ್ಲಿ ಬಂದ ಕಾನೂನಿನ ಪ್ರಕಾರ 2019ರ ನವೆಂಬರಿನಿಂದ ಶಾಲಾ ಕ್ಯಾಂಟೀನುಗಳು ವಾರಕ್ಕೊಮ್ಮೆಯಾದರೂ ಮಾಂಸ, ಮೀನು ಇಲ್ಲದ ಊಟ ಕೊಡಬೇಕಾಯಿತು. ಮೊದಲು ಪ್ರಯೋಗವೆಂದು ಶುರುವಾದದ್ದನ್ನು 2021ರ ಹವಾಮಾನ ಕಾಯ್ದೆ ಖಾಯಂ ಮಾಡಿತು. ಆ ದಿನವೂ ಮೊಟ್ಟೆ ಬರಬಹುದು. ಉಳಿದ ದಿನ ಮೊದಲಿಗೆ ಇಡುವ ಹಸಿ ತರಕಾರಿ, ಮುಖ್ಯ ಊಟದ ಪಕ್ಕದ ಪಲ್ಯ ಅಥವಾ ಅನ್ನ, ಬ್ರೆಡ್, ಚೀಸ್, ಹಣ್ಣು ಇವುಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಸಂಜೆ ನಾಲ್ಕರ ಹೊತ್ತಿಗೆ ಮಕ್ಕಳಿಗೆ ‘ಗೂತೆ’ ಎಂಬ ತಿಂಡಿ ಇದೆ, ಬ್ರೆಡ್ಡಿಗೆ ಬೆಣ್ಣೆ, ಜಾಮ್, ಚಾಕೊಲೇಟ್. ಬೆಳಿಗ್ಗೆಯೂ ಹೆಚ್ಚುಕಡಿಮೆ ಅದೇ, ಸಿಹಿಯೇ. ಬೆಳಗಾದರೆ ಉಪ್ಪಿಟ್ಟು, ಅವಲಕ್ಕಿಯ ಖಾರಕ್ಕೆ ಒಗ್ಗಿದ ನಾಲಗೆಗೆ ಮಾಂಸಕ್ಕಿಂತ ಹೆಚ್ಚಾಗಿ ಕಾಡುವುದು ಈ ಸಿಹಿ ಬೆಳಗು.

ಪತ್ರ ಕಳಿಸಿದ ಮೇಲೆ ಅದು ಸರಿಯಾಗಿ ಮುಟ್ಟಿತೇ ಎಂದು ತಿಳಿಯುವುದು ಉತ್ತರದಿಂದ. ‘ಏನೂ ತೊಂದರೆಯಿಲ್ಲ, ನಾವೂ ಮಾಂಸ ಕಡಿಮೆ, ಮೀನೇ ಹೆಚ್ಚು’ ಎಂಬ ಉತ್ತರ ಬಂದರೆ ಮನೆಯಾಕೆ ಪಟ್ಟಿಯನ್ನು ಓದದೆ ಮೊದಲ ಪದದಲ್ಲೇ ನಿಂತಿದ್ದಾರೆ ಎಂದು ಅರ್ಥ. ‘ನಮ್ಮ ಮನೆಯಲ್ಲಿ ಎಲ್ಲರೂ ಸಲಾಡ್ ಇಷ್ಟಪಡುತ್ತೇವೆ’ ಎಂದು ಬಂದರೆ ಸಸ್ಯಾಹಾರವೆಂದರೆ ಎಲೆ ತಿನ್ನುವುದೆಂದು ತಿಳಿದಿದ್ದಾರೆ, ಬೇಳೆಕಾಳಿನ ಮಾತನ್ನು ಮತ್ತೊಮ್ಮೆ ಎತ್ತಬೇಕು. ಅವರಾಗಿಯೇ ‘ಹಾಗಾದರೆ ಕೀಶ್ ತಿನ್ನುತ್ತೀಯಾ? ಅದರ ತುಂಬ ಮೊಟ್ಟೆಯೇ’ ಎಂದು ಕೇಳಿದರೆ ಕೆಲಸ ಕೆಟ್ಟಿಲ್ಲ, ಅವರು ಆಗಲೇ ಅಡುಗೆ ಮನೆಯಲ್ಲಿ ನಿಂತು ಯೋಚಿಸುತ್ತಿದ್ದಾರೆ. ತಿದ್ದುವಾಗ ಮೊದಲು ಥ್ಯಾಂಕ್ಸ್ ಹೇಳಿ, ಆಮೇಲೆ ‘ಮೀನೂ ತಿನ್ನುವುದಿಲ್ಲ, ಕ್ಷಮಿಸಿ’ ಎಂದು ಒಂದೇ ವಾಕ್ಯ ಬರೆದರೆ ಸಾಕು. ಧರ್ಮ, ಸಂಪ್ರದಾಯ, ಅಹಿಂಸೆಯ ದೀರ್ಘ ವಿವರಣೆಗೆ ಮೇಜಿನ ಮುಂದೆ ಇಡೀ ವರ್ಷ ಬಾಕಿಯಿದೆ.

ಕೊನೆಯ ಸಾಲಿಗೆ ‘ಆ ಬ್ಯಾಂತೋ’ ಎಂದರೆ ಬೇಗ ಸಿಗೋಣ. ಅದರ ಕೆಳಗೆ ‘ಅಮಿಕಾಲ್‌ಮಾಂ’, ಸ್ನೇಹಪೂರ್ವಕವಾಗಿ. ಕಚೇರಿಯ ಪತ್ರದ ‘ಕೋರ್ದಿಯಾಲ್‌ಮಾಂ’ ಇಲ್ಲಿ ಬಿಗಿಯಾಯಿತು, ಮುತ್ತು ಎಂಬರ್ಥದ ‘ಬೀಸ್’ ಈಗಲೇ ಸಲಿಗೆಯಾಯಿತು.

ಹುಡುಗನ ಪತ್ರದ ಕೊನೆಯಲ್ಲಿದ್ದ ಚಟ್ನಿಪುಡಿಯ ಪ್ರಶ್ನೆ ಸುಮ್ಮನೆ ಬರೆದದ್ದಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸದ ಪದಾರ್ಥಗಳ ಜೊತೆಗೆ ಹಾಲಿನ ಪದಾರ್ಥಗಳನ್ನೂ ಸಾಮಾನಿನಲ್ಲಿ ತರುವಂತಿಲ್ಲ. ಮನೆಯ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಬೇಕು. ಧಾರವಾಡದ ಪೇಡಾ ಹಾಲಿನದೋ ಮಿಠಾಯಿಯೋ ಎಂದು ಪ್ಯಾರಿಸಿನ ಕಸ್ಟಮ್ಸ್ ಕಟ್ಟೆಯ ಮುಂದೆ ವಾದಕ್ಕೆ ನಿಲ್ಲುವ ಬದಲು ಅದನ್ನೂ ಬಿಟ್ಟು ಹೋಗುವುದು ಲೇಸು. 2019ರ ಡಿಸೆಂಬರಿನಿಂದ ತಾಜಾ ಸೊಪ್ಪು, ತರಕಾರಿ, ಹಣ್ಣಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಹಸಿ ಕರಿಬೇವಿನ ಕಟ್ಟೂ ಇಲ್ಲ. ಉಳಿದದ್ದು ಒಣಪುಡಿ. ಅದರಲ್ಲಿ ಶೇಂಗಾ ಇದ್ದರೆ ಬೇರೊಂದು ತೊಡಕು: ಯುರೋಪಿನಲ್ಲಿ ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಬರೆಯಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಶೇಂಗಾ ಒಂದು, ಎಳ್ಳು ಇನ್ನೊಂದು. ಜಿಲೆಟಿನ್ ಆ ಪಟ್ಟಿಯಲ್ಲಿಲ್ಲ, ಅದನ್ನು ಹುಡುಗನೇ ಸಣ್ಣಕ್ಷರದಲ್ಲಿ ಹುಡುಕಬೇಕು. ಮನೆಯಾಕೆಯ ಉತ್ತರದಲ್ಲಿ ‘ನಮ್ಮ ಚಿಕ್ಕವಳಿಗೆ ಶೇಂಗಾ ಆಗುವುದಿಲ್ಲ, ಡಬ್ಬಿ ಮನೆಯೊಳಗೂ ಬರುವುದು ಬೇಡ’ ಎಂದು ಬಂದರೆ ಅವ್ವ ಮತ್ತೆ ಒಲೆ ಹಚ್ಚಬೇಕು. ಈ ಸಲ ಶೇಂಗಾವನ್ನೂ ಎಳ್ಳನ್ನೂ ಬಿಟ್ಟು ಅಗಸಿ ಹುರಿದು, ಶೇಂಗಾ ಕುಟ್ಟಿದ ಮಿಕ್ಸಿ ಜಾರನ್ನು ಚೆನ್ನಾಗಿ ತೊಳೆದು, ಪುಡಿ ಮಾಡಿ, ಡಬ್ಬಿಯ ಮೇಲೆ ಏನೇನು ಹಾಕಿದೆ ಎಂದು ಫ್ರೆಂಚಿನಲ್ಲಿ ಚೀಟಿ ಅಂಟಿಸಿ ಕೊಡಬೇಕು. ಆ ಚೀಟಿ ಬರೆಯುವ ಕೆಲಸವೂ ಹುಡುಗನದೇ.